ಆರನೇ ಹಂತ ಯಾವುದು? ಕೈತೊಳೆಯುವ ಚಿತ್ರ-ಸ್ಲೈಡ್‌ಗಳ ಒಂದು ಪ್ರಕರಣ ಅಧ್ಯಯನ

ಇದು ಮಧ್ಯಮ ಗಾತ್ರದ ಒಂದು ಆಸ್ಪತ್ರೆಯಲ್ಲಿ ನಡೆದ ಪ್ರಕರಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಹೊಸದಾಗಿ ಸೇರುವ ನರ್ಸ್‌ಗಳಿಗೆ ಕೈತೊಳೆಯುವ ಕ್ರಮ ಕಲಿಸಲು ಸೋಂಕು ನಿಯಂತ್ರಣ ತಂಡವು ಸಂಖ್ಯೆ ಹಾಕಿದ ಚಿತ್ರಗಳ ಸ್ಲೈಡ್‌ಗಳನ್ನು ತಯಾರಿಸಿತ್ತು. ಚಿತ್ರಗಳು ಸ್ಪಷ್ಟವಾಗಿದ್ದವು, ಕ್ರಮವೂ ಸರಿಯಾಗಿತ್ತು. ಆದರೂ ಅವನ್ನು ನೋಡಿ ಕಲಿತವರ ಕೈಗಳಲ್ಲಿ ಒಂದೇ ಬಗೆಯ ಲೋಪಗಳು ಮತ್ತೆ ಮತ್ತೆ ಕಾಣಿಸಿಕೊಂಡವು.

ಹಿನ್ನೆಲೆ

ಸ್ಲೈಡ್‌ಗಳಲ್ಲಿ ಬರಹ ಬೇಡವೆಂಬ ತೀರ್ಮಾನಕ್ಕೆ ಎರಡು ಕಾರಣಗಳಿದ್ದವು. ತರಬೇತಿಗೆ ಬರುವವರ ಮಾತೃಭಾಷೆ ಬೇರೆ ಬೇರೆ, ಎಲ್ಲರೂ ಒಂದೇ ವೇಗದಲ್ಲಿ ಓದಬಲ್ಲ ಭಾಷೆ ಇರಲಿಲ್ಲ. ಜೊತೆಗೆ ಹಳೆಯ ಸ್ಲೈಡ್‌ಗಳಲ್ಲಿ ಪ್ರತಿ ಚಿತ್ರದ ಕೆಳಗೆ ಎರಡು ಸಾಲು ವಿವರಣೆಯಿತ್ತು. ಕಲಿಯುವವರು ಆ ಸಾಲುಗಳನ್ನು ಓದುತ್ತಾ ಕೂರುತ್ತಿದ್ದರೇ ಹೊರತು ಕೈ ಎತ್ತಿ ಮಾಡುತ್ತಿರಲಿಲ್ಲ. ಚಿತ್ರ, ಅದರ ಮೂಲೆಯಲ್ಲಿ ದೊಡ್ಡ ಅಂಕಿ, ಇಷ್ಟೇ ಇದ್ದರೆ ನೋಡಿದವರು ಕೈಯಾಡಿಸುತ್ತಾರೆ ಎಂಬುದು ತಂಡದ ಲೆಕ್ಕಾಚಾರ. ಆ ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ.

ಆಧಾರವಾಗಿ ತೆಗೆದುಕೊಂಡದ್ದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯ ಚಿತ್ರಪಟ. ಅದರಲ್ಲಿ ಎಣಿಕೆ 0ಯಿಂದ 11ರವರೆಗೆ ಸಾಗುತ್ತದೆ. 0ರಲ್ಲಿ ಕೈ ಒದ್ದೆ ಮಾಡುವುದು, 1ರಲ್ಲಿ ಕೈಯ ಎಲ್ಲ ಭಾಗಕ್ಕೂ ಸಾಕಾಗುವಷ್ಟು ಸೋಪು ತೆಗೆದುಕೊಳ್ಳುವುದು. 2ರಲ್ಲಿ ಅಂಗೈಗೆ ಅಂಗೈ ಉಜ್ಜುವುದು. 3ರಲ್ಲಿ ಒಂದು ಅಂಗೈಯನ್ನು ಇನ್ನೊಂದು ಕೈಯ ಹಿಂಬದಿಯ ಮೇಲಿಟ್ಟು ಬೆರಳ ಸಂದುಗಳಲ್ಲಿ ಬೆರಳು ತೂರಿಸಿ ಉಜ್ಜುವುದು. 4ರಲ್ಲಿ ಅಂಗೈಗಳು ಎದುರುಬದುರಾಗಿ ಬೆರಳುಗಳನ್ನು ಹೆಣೆಯುವುದು. 5ರಲ್ಲಿ ಬೆರಳುಗಳನ್ನು ಮಡಚಿ ಒಂದಕ್ಕೊಂದು ಕೊಕ್ಕೆ ಹಾಕಿದಂತೆ ಹಿಡಿದು, ಬೆರಳುಗಳ ಬೆನ್ನನ್ನು ಎದುರಿನ ಅಂಗೈಗೆ ಉಜ್ಜುವುದು. 6ರಲ್ಲಿ ಹೆಬ್ಬೆರಳನ್ನು ಇನ್ನೊಂದು ಅಂಗೈಯಲ್ಲಿ ಹಿಡಿದು ತಿರುಗಿಸುವುದು, 7ರಲ್ಲಿ ಒಟ್ಟುಗೂಡಿಸಿದ ಬೆರಳ ತುದಿಗಳನ್ನು ಎದುರಿನ ಅಂಗೈಯಲ್ಲಿ ಸುತ್ತಿಸಿ ಉಜ್ಜುವುದು. 8 ತೊಳೆಯುವುದು, 9 ಒಮ್ಮೆ ಮಾತ್ರ ಬಳಸುವ ಟವೆಲ್‌ನಿಂದ ಒರೆಸುವುದು, 10 ಅದೇ ಟವೆಲ್ ಹಿಡಿದು ನಲ್ಲಿ ನಿಲ್ಲಿಸುವುದು, 11 ಕೈ ಸುರಕ್ಷಿತ. ಆರಂಭದಿಂದ ಕೊನೆಯವರೆಗೆ ಒಟ್ಟು ಅವಧಿ 40ರಿಂದ 60 ಸೆಕೆಂಡು.

ತಂಡ ಈ ಹಂತಗಳನ್ನು ಒಬ್ಬ ಸಿಬ್ಬಂದಿಯ ಕೈಗಳಿಂದ ಮಾಡಿಸಿ, ಎದುರು ನಿಂತು ಫೋಟೋ ತೆಗೆಯಿತು. 0 ಎಂಬ ಅಂಕಿ ವಿಚಿತ್ರವಾಗಿ ಕಾಣುತ್ತದೆಂದು ಎಣಿಕೆಯನ್ನು 1ರಿಂದ 12ಕ್ಕೆ ಬದಲಿಸಿತು. ಪ್ರತಿ ಸ್ಲೈಡ್ 5 ಸೆಕೆಂಡಿಗೊಮ್ಮೆ ತಾನಾಗಿ ಮುಂದೆ ಹೋಗುವಂತೆ ಹೊಂದಿಸಿತು. ಹನ್ನೆರಡು ಚಿತ್ರಕ್ಕೆ ಐದೈದು ಸೆಕೆಂಡೆಂದರೆ 60 ಸೆಕೆಂಡು. ಮಾರ್ಗಸೂಚಿಯ ಮಿತಿಯೊಳಗೇ ಇದೆಯಲ್ಲ ಎಂದು ಎಲ್ಲರಿಗೂ ಸಮಾಧಾನವಾಗಿತ್ತು.

ಸಮಸ್ಯೆ ಕಂಡದ್ದು ಹೇಗೆ

ತರಬೇತಿಯ ಕೊನೆಯಲ್ಲಿ ಕೈಗೆ ಪ್ರತಿದೀಪಕ ಲೋಶನ್ ಹಚ್ಚಿ, ತೊಳೆದುಕೊಂಡು ಬರಲು ಹೇಳಿ, ನೇರಳಾತೀತ ದೀಪದ ಕೆಳಗೆ ನೋಡುವ ಪರೀಕ್ಷೆ ನಡೆಯುತ್ತಿತ್ತು. ತೊಳೆದ ಮೇಲೂ ಹೊಳೆಯುವ ಜಾಗವೆಂದರೆ ಉಜ್ಜದೆ ಬಿಟ್ಟ ಜಾಗ. ಇದನ್ನು ಓದುವಾಗ ಒಂದು ಎಚ್ಚರ ಬೇಕು. ಉಗುರಿನ ಅಂಚಿನಲ್ಲೂ ಬುಡದ ಚರ್ಮದಲ್ಲೂ ಲೋಶನ್ ಅಂಟಿಕೊಂಡು, ಚೆನ್ನಾಗಿ ತೊಳೆದ ಕೈಯಲ್ಲೂ ತೆಳು ಗೆರೆಯಾಗಿ ಹೊಳೆಯುತ್ತದೆ. ಆ ಗೆರೆಯನ್ನು ಲೋಪವೆಂದು ಎಣಿಸಬಾರದು, ಅಗಲವಾದ ಹೊಳಪನ್ನು ಮಾತ್ರ ಎಣಿಸಬೇಕು.

ಅಗಲವಾದ ಹೊಳಪು ಮೂರು ಕಡೆ ಉಳಿಯುತ್ತಿತ್ತು: ಹೆಬ್ಬೆರಳು, ಬೆರಳ ತುದಿಗಳು, ಮತ್ತು ಒಂದು ಕೈಯ ಹಿಂಬದಿ. ಮೊದಲ ಎರಡು ಯಾರಿಗೂ ಹೊಸತಲ್ಲ. ಕೈತೊಳೆಯುವಾಗ ಹೆಚ್ಚಾಗಿ ತಪ್ಪಿಹೋಗುವುದು ಹೆಬ್ಬೆರಳು ಮತ್ತು ಬೆರಳ ತುದಿ ಎಂಬುದು 1970ರ ದಶಕದಿಂದಲೂ ದಾಖಲಾಗಿರುವ ಸಂಗತಿ. ತಂಡವನ್ನು ಯೋಚನೆಗೆ ಹಚ್ಚಿದ್ದು ಮೂರನೆಯದು. ಅಜಾಗರೂಕತೆಯಿಂದ ಬಿಟ್ಟಿದ್ದರೆ ಹೊಳಪು ಎರಡೂ ಕೈಗಳಲ್ಲಿ ಚದುರಿರಬೇಕಿತ್ತು. ಇಲ್ಲಿ ಒಂದು ಕೈಯ ಹಿಂಬದಿ ಪೂರ್ತಿ ಸ್ವಚ್ಛ, ಇನ್ನೊಂದರದ್ದು ಪೂರ್ತಿ ಹೊಳಪು. ಅದೂ ಬಹುತೇಕರಲ್ಲಿ ಒಂದೇ ಕೈ. ಹೆಬ್ಬೆರಳಿನದ್ದೂ ಅದೇ ಕಥೆ, ಒಂದು ಹೆಬ್ಬೆರಳು ತೊಳೆದಿದೆ, ಇನ್ನೊಂದು ಮುಟ್ಟಿಯೇ ಇಲ್ಲ. ಇಷ್ಟು ಅಚ್ಚುಕಟ್ಟಾದ ಲೋಪ ಮರೆವಿನಿಂದ ಬರುವುದಿಲ್ಲ. ಜನ ಸ್ಲೈಡ್ ತೋರಿಸಿದ್ದನ್ನು ಹಾಗೆಯೇ ಮಾಡಿದ್ದರು.

ಮೂಲ ಚಿತ್ರಪಟದಲ್ಲಿ 3, 6, 7ನೇ ಹಂತಗಳ ಅಡಿಬರಹದಲ್ಲಿ ಇನ್ನೊಂದು ಕೈಗೂ ಹೀಗೆಯೇ ಮಾಡಬೇಕೆಂಬ ಮಾತಿದೆ. ಬರಹ ತೆಗೆದಾಗ ಆ ಮಾತೂ ಹೋಯಿತು. ಫೋಟೋದಲ್ಲಿ ಉಳಿದದ್ದು ಒಂದು ಕೈಯ ಕ್ರಿಯೆ ಮಾತ್ರ. ಐದು ಸೆಕೆಂಡಿಗೆ ಸ್ಲೈಡ್ ಮುಂದೆ ಹೋಗುವುದರಿಂದ, ಇನ್ನೊಂದು ಕೈಗೂ ಮಾಡಬೇಕೆಂದು ಗೊತ್ತಿದ್ದವರಿಗೂ ಸಮಯ ಸಿಗುತ್ತಿರಲಿಲ್ಲ. 60 ಸೆಕೆಂಡಿನ ಲೆಕ್ಕ ಮೊತ್ತದಲ್ಲಿ ಸರಿಯಿದ್ದು, ಹಂಚಿಕೆಯಲ್ಲಿ ತಪ್ಪಿತ್ತು. ಅಂಗೈಗೆ ಅಂಗೈ ಉಜ್ಜುವ ಒಂದೇ ಚಲನೆಗೆ ಸಿಕ್ಕಷ್ಟೇ ಸಮಯ ಎರಡು ಹೆಬ್ಬೆರಳುಗಳಿಗೂ ಸೇರಿ ಸಿಗುತ್ತಿತ್ತು. ಏನೂ ಮಾಡಬೇಕಿಲ್ಲದ ಕೊನೆಯ ಚಿತ್ರಕ್ಕೂ ಅಷ್ಟೇ.

ಎಣಿಕೆಯ ಬದಲಾವಣೆ ತಂದ ಗೊಂದಲ ಬೇರೆಯದೇ. ವಾರ್ಡಿನ ಸಿಂಕ್‌ಗಳ ಮೇಲೆ ಮೂಲ ಚಿತ್ರಪಟವೇ ಅಂಟಿತ್ತು. ಅಲ್ಲಿ 6 ಎಂದರೆ ಹೆಬ್ಬೆರಳು, ಸ್ಲೈಡ್‌ನಲ್ಲಿ 6 ಎಂದರೆ ಕೊಕ್ಕೆ ಹಾಕಿದ ಬೆರಳುಗಳು. ಮೇಲ್ವಿಚಾರಕಿ ಒಬ್ಬ ನರ್ಸ್‌ಗೆ “ಆರು ಬಿಟ್ಟುಹೋಯಿತು” ಎಂದು ನೆನಪಿಸಿದರೆ, ಆಕೆ ಬೆರಳುಗಳನ್ನು ಮಡಚಿ ತೋರಿಸಿ “ಮಾಡಿದೆನಲ್ಲ ಸಿಸ್ಟರ್” ಎನ್ನುತ್ತಿದ್ದರು. ಇಬ್ಬರೂ ಸರಿಯೇ. ಬರಹವಿಲ್ಲದ ಸ್ಲೈಡ್‌ಗಳಲ್ಲಿ ಅಂಕಿಯೇ ಹಂತದ ಹೆಸರಾಗುತ್ತದೆ, ಹೆಸರು ಎರಡು ಕಡೆ ಎರಡಾದರೆ ತಿದ್ದಿ ಹೇಳುವ ದಾರಿಯೇ ಮುಚ್ಚಿಹೋಗುತ್ತದೆ.

ಎಣಿಕೆ ಬದಲಿಸಿದ್ದರಿಂದ ಕೈಗೆ ಹಚ್ಚುವ ಆಲ್ಕೊಹಾಲ್ ದ್ರಾವಣದ ಚಿತ್ರಪಟದೊಂದಿಗೂ ಹೊಂದಿಕೆ ತಪ್ಪಿತು. ಆ ಚಿತ್ರಪಟದಲ್ಲಿ ಆರಂಭ 1ಎ, 1ಬಿ ಎಂದು ಬೇರೆ ಥರ ಇದ್ದರೂ, 2ರಿಂದ 7ರವರೆಗಿನ ಉಜ್ಜುವ ಹಂತಗಳಿಗೆ ಎರಡೂ ಕಡೆ ಒಂದೇ ಅಂಕಿ. ಸೋಪಿನ ಪಟ 0ಯಿಂದ ಶುರುವಾಗುವುದರಿಂದಲೇ ಈ ಹೊಂದಿಕೆ ಉಳಿದಿರುವುದು. ವಿಚಿತ್ರವಾಗಿ ಕಾಣುತ್ತಿದ್ದ ಆ ಸೊನ್ನೆ ಮಾಡುತ್ತಿದ್ದ ಕೆಲಸ ಇದು.

ಮೊದಲ ಪ್ರಯತ್ನಗಳು

ಕೂಡಲೇ ಹೊಳೆದ ಪರಿಹಾರವೆಂದರೆ, ಇಲ್ಲಿಂದ ಮುಂದೆಯೂ ಮೂಲ ಪಟದ ಎಣಿಕೆಯಲ್ಲೇ ಹೇಳುವುದಾದರೆ, 3, 6, 7ರ ಮೂಲೆಯಲ್ಲಿ “×2” ಎಂದು ಬರೆಯುವುದು. ಬರೆದರು. ನೋಡಿದವರಲ್ಲಿ ಹಲವರು ಅದೇ ಕೈಯನ್ನು ಎರಡು ಸಲ ಉಜ್ಜಿದರು. ಚಿಹ್ನೆಯ ಅರ್ಥ ಅದೇ ತಾನೆ, ಇನ್ನೊಂದು ಕೈ ಎಂದು ಅದರಲ್ಲಿ ಎಲ್ಲಿದೆ?

ಆಮೇಲೆ ಎರಡು ಕೈಗಳನ್ನು ಬೇರ್ಪಡಿಸಿ ತೋರಿಸುವ ಪ್ರಯತ್ನ. ಫೋಟೋದಲ್ಲಿ ಎರಡೂ ಕೈ ಒಂದೇ ಬಣ್ಣದವು. ಹೆಣೆದ ಬೆರಳುಗಳಲ್ಲಿ ಯಾವುದು ಯಾವ ಕೈಯದ್ದೆಂದು ಹಿಂದಿನ ಸಾಲಿನಲ್ಲಿ ಕೂತವರಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಫೋಟೋ ಬಿಟ್ಟು ರೇಖಾಚಿತ್ರಕ್ಕೆ ಬಂದರು. ಒಂದು ಕೈಗೆ ತಿಳಿ ನೀಲಿ ತುಂಬಿದರು. ಅದನ್ನು ನರ್ಸ್‌ಗಳು ಕೈಗವಸು ಎಂದು ಓದಿದರು. ಆಸ್ಪತ್ರೆಯಲ್ಲಿ ನೀಲಿ ಕೈ ಎಂದರೆ ಇನ್ನೇನಾದೀತು? ಬೂದು ತುಂಬಿದಾಗ ಕೊಳೆಯಾದ ಕೈ ಎಂದುಕೊಂಡರು. ಒಂದು ಮಣಿಕಟ್ಟಿಗೆ ಪಟ್ಟಿ ಬರೆದು ಗುರುತಿಸುವ ಸಲಹೆ ಬಂತು. ಆದರೆ ಉಂಗುರ, ಬಳೆ, ಗಡಿಯಾರ ತೆಗೆದು ಕೈ ತೊಳೆಯಬೇಕೆಂದು ಕಲಿಸುವ ತರಬೇತಿಯಲ್ಲಿ ಮಣಿಕಟ್ಟಿನ ಪಟ್ಟಿಯ ಚಿತ್ರ ತಾನೇ ತಪ್ಪು ಪಾಠವಾಗುತ್ತದೆಂದು ಅದನ್ನು ಕೈಬಿಟ್ಟರು. ಆ ವಿವೇಚನೆ ಮೆಚ್ಚತಕ್ಕದ್ದು. ಬರಹವಿಲ್ಲದ ಚಿತ್ರದಲ್ಲಿ ಅಲಂಕಾರವೆಂಬುದೇ ಇರುವುದಿಲ್ಲ, ಕಂಡದ್ದೆಲ್ಲವೂ ಸೂಚನೆಯೇ.

ಬಾಣಗಳನ್ನೂ ಹೆಚ್ಚಿಸಿದರು. 7ನೇ ಚಿತ್ರದಲ್ಲಿ ಬೆರಳ ತುದಿಗಳು ಅಂಗೈ ಮೇಲೆ ನಿಂತಂತೆ ಇದ್ದುದರಿಂದ ಕೆಲವರು ಕುಟ್ಟಿದರು, ಕೆಲವರು ಗೀರಿದರು. ಸುತ್ತುಬಾಣ ಹಾಕಿದ ಮೇಲೆ ಅದು ಸುಧಾರಿಸಿತು. ಆದರೆ ಬಾಣ ಅಂಗೈಯ ಪಕ್ಕದಲ್ಲಿದ್ದರೆ ಅಂಗೈಯನ್ನೇ ತಿರುಗಿಸುತ್ತಿದ್ದರು. ಬಾಣದ ಬಾಲ ಚಲಿಸಬೇಕಾದ ಕೈಯ ಬೆರಳುಗಳಿಗೆ ತಾಗಿ ಹೊರಟಾಗ ಮಾತ್ರ ಸರಿಯಾಯಿತು. ಒಂದು ಚಿತ್ರಕ್ಕೆ ಎರಡಕ್ಕಿಂತ ಹೆಚ್ಚು ಬಾಣವಾದಾಗ ಜನ ಯಾವುದನ್ನೂ ಅನುಸರಿಸದೆ ಕೈಯ ಆಕಾರವನ್ನಷ್ಟೇ ಅನುಕರಿಸಿದರು.

ತಿರುವು

ಈ ತನಕ ತಂಡ ಪ್ರತಿ ಹೊಸ ರೂಪವನ್ನು ತೋರಿಸಿ “ಅರ್ಥವಾಯಿತೇ?” ಎಂದು ಕೇಳುತ್ತಿತ್ತು. ಹಿರಿಯರು ಕೇಳಿದಾಗ ಆಗಲಿಲ್ಲ ಎನ್ನುವವರು ಕಡಿಮೆ. ಮೇಲಾಗಿ ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ಏನೋ ಒಂದು ಅರ್ಥವಾಗಿಯೇ ಇರುತ್ತಿತ್ತು. ಅದು ತಂಡ ಉದ್ದೇಶಿಸಿದ ಅರ್ಥವೇ ಎಂಬುದು ಆ ಪ್ರಶ್ನೆಯಿಂದ ತಿಳಿಯುವುದಿಲ್ಲ.

ಹಾಗಾಗಿ ಪರೀಕ್ಷಿಸುವ ರೀತಿಯನ್ನೇ ಬದಲಿಸಿದರು. ತರಬೇತಿ ಪಡೆಯದ ಒಬ್ಬರನ್ನು ಪರದೆಯ ಮುಂದೆ ನಿಲ್ಲಿಸಿ, ಯಾರೂ ಮಾತಾಡದೆ ಸ್ಲೈಡ್ ಓಡಿಸಿ, ಕಂಡದ್ದನ್ನು ಒಣ ಕೈಯಲ್ಲೇ ಮಾಡಿ ತೋರಿಸಲು ಹೇಳುವುದು. ಪಕ್ಕದಲ್ಲಿ ಇನ್ನೊಬ್ಬರು ಪ್ರತಿ ಅಂಕಿಯ ಎದುರು ಮೂರು ಸಂಗತಿ ಗುರುತಿಸುವುದು: ಯಾವ ಭಾಗ ಉಜ್ಜಿದರು, ಯಾವ ಕೈ ಚಲಿಸಿತು, ಇನ್ನೊಂದು ಕೈಗೂ ಮಾಡಿದರೇ. ಮಧ್ಯೆ ತಿದ್ದುವಂತಿಲ್ಲ. ತಿದ್ದಿದರೆ ಪರೀಕ್ಷೆಗೆ ಒಳಗಾಗುವುದು ವ್ಯಕ್ತಿ, ಸ್ಲೈಡ್ ಅಲ್ಲ.

ಈ ಪರೀಕ್ಷೆಯಲ್ಲಿ ಹೊರಬಂದ ಮೊದಲ ಸಂಗತಿ ದಿಕ್ಕಿನದ್ದು. ಎದುರಿನಿಂದ ತೆಗೆದ ಚಿತ್ರವನ್ನು ನೋಡುವವರು ತಮ್ಮ ಕೈಗೆ ಹೊಂದಿಸಲು ಮನಸ್ಸಿನಲ್ಲೇ ತಿರುಗಿಸಿಕೊಳ್ಳಬೇಕು. 3ನೇ ಚಿತ್ರದಲ್ಲಿ ಹಲವರು ಒಂದು ಕ್ಷಣ ತಡೆದು, ಕೈಗಳನ್ನು ಅದಲುಬದಲು ಮಾಡಿ, ಅಷ್ಟರಲ್ಲಿ ಸ್ಲೈಡ್ ಮುಂದೆ ಹೋಗಿರುತ್ತಿತ್ತು. ಚಿತ್ರಗಳನ್ನು ತೊಳೆಯುವವರ ಕಣ್ಣಿಗೆ ಕಾಣುವಂತೆ, ಮಣಿಕಟ್ಟುಗಳು ಪರದೆಯ ಕೆಳಬದಿಯಿಂದ ಬರುವಂತೆ ಮತ್ತೆ ಬರೆದಾಗ ಈ ತಡೆ ಹೋಯಿತು.

ಎರಡನೆಯದು ಇನ್ನೂ ಮುಖ್ಯ. ಚಿತ್ರ ಕೈಗಳ ಭಂಗಿಯನ್ನು ತೋರಿಸುತ್ತಿತ್ತು, ಸ್ವಚ್ಛವಾಗಬೇಕಾದ ಜಾಗವನ್ನಲ್ಲ. 5ನೇ ಹಂತದಲ್ಲಿ ಇದು ಎದ್ದು ಕಂಡಿತು. ಕೊಕ್ಕೆ ಹಾಕಿದ ಬೆರಳುಗಳ ಚಿತ್ರ ನೋಡಿದವರು ಆ ಭಂಗಿಗೆ ಬಂದು ಎಳೆದಾಡಿದರು, ಬೆರಳುಗಳ ಬೆನ್ನು ಅಂಗೈಗೆ ತಾಗಿಯೇ ಇರಲಿಲ್ಲ. ಯಾವ ಚರ್ಮ ತೊಳೆಯಲೆಂದು ಆ ಭಂಗಿ ಇದೆಯೋ ಅದು ಗೊತ್ತಿಲ್ಲದಿದ್ದರೆ ಭಂಗಿಯೊಂದೇ ಉಳಿಯುತ್ತದೆ.

ಹೊಸ ರೂಪ

ಬಣ್ಣವನ್ನು ಕೈಯಿಂದ ತೆಗೆದು ಜಾಗಕ್ಕೆ ಕೊಟ್ಟರು. ಎರಡೂ ಕೈ ಒಂದೇ ತಿಳಿ ಬಣ್ಣ. ಆ ಹಂತದಲ್ಲಿ ಸ್ವಚ್ಛವಾಗುವ ಚರ್ಮಕ್ಕೆ ಮಾತ್ರ ಕಿತ್ತಳೆ, ಅದರ ಮೇಲೆ ಓರೆಗೆರೆಗಳು. ಕೆಂಪನ್ನು ಮೊದಲೇ ತಳ್ಳಿಹಾಕಿದ್ದರು, ಅದು ಗಾಯವೆಂದೋ ತಪ್ಪೆಂದೋ ಓದಿಸಿಕೊಳ್ಳುತ್ತದೆ. ನೀಲಿ ನೀರಿಗೆ ಮೀಸಲಾಯಿತು. ಓರೆಗೆರೆ ಯಾಕೆಂದರೆ ಬಣ್ಣಗುರುಡು ಇರುವವರಿಗೂ, ಕಪ್ಪುಬಿಳುಪಿನಲ್ಲಿ ಮುದ್ರಿಸಿದಾಗಲೂ ಜಾಗ ಗೊತ್ತಾಗಬೇಕು. ಒಂದರ ಮೇಲೊಂದು ಬಂದ ಕೈಗಳಲ್ಲಿ ಮೇಲಿನದರ ಹೊರಗೆರೆ ದಪ್ಪ, ಕೆಳಗಿನದರದು ತೆಳು. ಕೈಗಳನ್ನು ಬೇರ್ಪಡಿಸಲು ಅಷ್ಟು ಸಾಕಾಯಿತು.

5ನೇ ಹಂತದಲ್ಲಿ ಸ್ವಚ್ಛವಾಗುವ ಜಾಗ ಭಂಗಿಯೊಳಗೆ ಅಡಗಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಅದಕ್ಕೆ ಅದೇ ಸ್ಲೈಡ್‌ನ ಎಡಕ್ಕೆ ಸಣ್ಣದಾಗಿ, ತೆರೆದ ಒಂದು ಕೈಯ ಹಿಂಬದಿಯಲ್ಲಿ ಬೆರಳುಗಳ ಬೆನ್ನಿಗೆ ಮಾತ್ರ ಕಿತ್ತಳೆ ತುಂಬಿ, ಬಲಕ್ಕೆ ದೊಡ್ಡದಾಗಿ ಭಂಗಿಯನ್ನು ತೋರಿಸಿದರು.

ಎಣಿಕೆ 0ಯಿಂದ 11ಕ್ಕೆ ಮರಳಿತು. 3, 6, 7 ತಲಾ ಎರಡು ಸ್ಲೈಡ್ ಆದವು, ಅಂಕಿ ಒಂದೇ, ಎರಡನೆಯದರಲ್ಲಿ ಕೈಗಳು ಅದಲುಬದಲು. ಅದೇ ಅಂಕಿ ಮತ್ತೆ ಕಂಡಾಗ, ಅದೇ ಭಂಗಿ ಮಗುಚಿ ಕಂಡಾಗ, ಇನ್ನೊಂದು ಕೈಗೂ ಎಂದು ಯಾರೂ ಹೇಳಬೇಕಾಗಲಿಲ್ಲ. ಒಟ್ಟು ಹದಿನೈದು ಸ್ಲೈಡ್. ಮಣಿಕಟ್ಟಿಗೆ ಮೂಲ ಪಟದಲ್ಲಿ ಪ್ರತ್ಯೇಕ ಹಂತವಿಲ್ಲ. ಅದನ್ನೂ ಸೇರಿಸಬೇಕೆಂಬ ಒತ್ತಾಯ ಬಂದಾಗ ತಂಡ ಒಪ್ಪಲಿಲ್ಲ. ಸೇರಿಸಿ ಅಂಕಿ ಕೊಟ್ಟರೆ 8ರಿಂದ ಮುಂದಿನದೆಲ್ಲ ಮತ್ತೆ ಜಾರುತ್ತದೆ. ಸಿಂಕ್ ಬಳಿಯ ಅಭ್ಯಾಸದಲ್ಲಿ ಬಾಯಿಮಾತಿನಲ್ಲಿ ಹೇಳುವುದೆಂದು ನಿರ್ಧರಿಸಿದರು.

ಸಮಯವನ್ನೂ ಮರುಹಂಚಿದರು. ಒದ್ದೆ ಮಾಡಿ ಸೋಪು ತೆಗೆದುಕೊಳ್ಳಲು 6 ಸೆಕೆಂಡು. 2ರಿಂದ 7ರವರೆಗೆ ಈಗ ಒಂಬತ್ತು ಸ್ಲೈಡ್, ಪ್ರತಿಯೊಂದಕ್ಕೆ 3 ಸೆಕೆಂಡಿನಂತೆ 27. ತೊಳೆಯಲು 8, ಒರೆಸಿ ನಲ್ಲಿ ನಿಲ್ಲಿಸಲು 12. ಒಟ್ಟು 53 ಸೆಕೆಂಡು. ಪರದೆಯ ಕೆಳಗೆ ತುಂಬುತ್ತಾ ಹೋಗುವ ಪಟ್ಟಿಯೊಂದನ್ನು ಸೇರಿಸಿ, ಅದರಲ್ಲಿ ಉಜ್ಜುವ ಭಾಗವನ್ನು ಅದೇ ಕಿತ್ತಳೆ ಬಣ್ಣದಲ್ಲಿ ತೋರಿಸಿದರು. ಪರದೆಯ ಮುಂದೆ ಮೊದಲ ಸಲ ನಿಂತವರಿಗೆ ಈ ವೇಗ ಹೆಚ್ಚು. ಆದ್ದರಿಂದ ಮೊದಲು ತರಬೇತುದಾರರು ಕೈಯಿಂದಲೇ ಸ್ಲೈಡ್ ಮುಂದೂಡಿ ನಿಧಾನವಾಗಿ ಒಂದು ಸುತ್ತು, ಆಮೇಲೆ ತಾನಾಗಿ ಓಡುವ ಸುತ್ತು ಎಂದಾಯಿತು.

10ನೇ ಚಿತ್ರಕ್ಕೆ ಎರಡು ರೂಪ ಬೇಕಾದವು. ಕೆಲವು ವಾರ್ಡುಗಳಲ್ಲಿ ಕೈಯಿಂದ ತಿರುಗಿಸುವ ನಲ್ಲಿ, ಕೆಲವೆಡೆ ಮೊಣಕೈಯಿಂದ ತಳ್ಳುವ ಉದ್ದ ಹಿಡಿಕೆಯ ನಲ್ಲಿ. ಟವೆಲ್ ಹಿಡಿದು ತಿರುಗಿಸುವ ಒಂದೇ ಚಿತ್ರ ನೋಡಿ ಕಲಿತವರು ಉದ್ದ ಹಿಡಿಕೆಯನ್ನು ತೊಳೆದ ಕೈಬೆರಳಿಂದಲೇ ತಳ್ಳುತ್ತಿದ್ದರು, ಚಿತ್ರದಲ್ಲಿದ್ದ ನಲ್ಲಿ ಅಲ್ಲಿರಲಿಲ್ಲವಲ್ಲ. ಈಗ ಯಾವ ವಾರ್ಡಿಗೆ ಹೋಗುವವರೋ ಆ ವಾರ್ಡಿನ ನಲ್ಲಿಯ ಚಿತ್ರ.

ಆಲ್ಕೊಹಾಲ್ ದ್ರಾವಣದ ಸ್ಲೈಡ್‌ಗಳನ್ನು ಬೇರೆ ಕಡತದಲ್ಲಿ, ಬೇರೆ ಚೌಕಟ್ಟಿನ ಬಣ್ಣದಲ್ಲಿ ಇಟ್ಟರು. ಎರಡನ್ನೂ ಬೆನ್ನುಬೆನ್ನಿಗೆ ತೋರಿಸುತ್ತಿದ್ದಾಗ ಕೆಲವರು ದ್ರಾವಣ ಹಚ್ಚಿದ ಮೇಲೂ ಟವೆಲ್‌ಗೆ ಕೈಚಾಚುತ್ತಿದ್ದರು. ದ್ರಾವಣ ಕೆಲಸ ಮಾಡಬೇಕಾದರೆ 20ರಿಂದ 30 ಸೆಕೆಂಡು ಉಜ್ಜಿ ಕೈಯ ಮೇಲೆಯೇ ಆರಲು ಬಿಡಬೇಕು, ಒರೆಸಿದರೆ ಆ ಅವಧಿ ಮೊಟಕಾಗುತ್ತದೆ. ದೀಪದ ಪರೀಕ್ಷೆಯೂ ಅಲ್ಲಿ ತಲೆಕೆಳಗು. ಪ್ರತಿದೀಪಕ ಬೆರೆಸಿದ ದ್ರಾವಣ ಹಚ್ಚಿದಾಗ ಹೊಳೆಯುವುದು ತಲುಪಿದ ಜಾಗ, ಕಪ್ಪಾಗಿ ಉಳಿಯುವುದು ತಪ್ಪಿದ ಜಾಗ. ಎರಡೂ ಪರೀಕ್ಷೆಗಳನ್ನು ಒಂದೇ ದಿನ ಮಾಡಬಾರದೆಂದು ತಂಡ ನಿಯಮ ಮಾಡಿಕೊಂಡಿತು.

ಆದದ್ದು, ಉಳಿದದ್ದು

ಹೊಸ ಸ್ಲೈಡ್‌ಗಳನ್ನು ನೋಡಿದವರಲ್ಲಿ ಒಂದೇ ಕೈಯ ಹಿಂಬದಿ ಹೊಳೆಯುವ ಆ ಅಚ್ಚುಕಟ್ಟಾದ ಲೋಪ ಅಪರೂಪವಾಯಿತು. ಹೆಬ್ಬೆರಳುಗಳೂ ಬಹುಪಾಲು ಸುಧಾರಿಸಿದವು, ಆದರೆ ಹೆಬ್ಬೆರಳ ಬುಡದ ಉಬ್ಬಿನಲ್ಲಿ ಹೊಳಪು ಉಳಿಯುತ್ತಿತ್ತು. ಕಾರಣ ಹುಡುಕಿದಾಗ ಚಿತ್ರದಲ್ಲೇ ಸಿಕ್ಕಿತು. ಕಿತ್ತಳೆ ಬಣ್ಣ ಹೆಬ್ಬೆರಳ ಎರಡನೇ ಗೆಣ್ಣಿಗೆ ನಿಂತಿತ್ತು, ಜನ ಅಲ್ಲಿಗೇ ನಿಂತಿದ್ದರು. ಬಣ್ಣವನ್ನು ಬುಡದವರೆಗೆ ಎಳೆದು, ಹಿಡಿದ ಅಂಗೈಯನ್ನೂ ಕೆಳಗಿಳಿಸಿ ಬರೆದರು. ಇಷ್ಟು ನಿಷ್ಠೆಯಿಂದ ಜನ ಚಿತ್ರವನ್ನು ಅನುಸರಿಸುತ್ತಾರೆಂದರೆ ಬರೆಯುವವರ ಹೊಣೆ ಎಂಥದ್ದೆಂದು ತಿಳಿಯುತ್ತದೆ.

ದೀಪದ ಕೆಳಗೆ ಕಂಡದ್ದನ್ನು ದಾಖಲಿಸುವ ಹಾಳೆಯಲ್ಲೂ ಸ್ಲೈಡ್‌ನ ಅದೇ ಕೈಗಳ ರೇಖಾಚಿತ್ರ ಬಳಸತೊಡಗಿದ್ದು ಚಿಕ್ಕ ಬದಲಾವಣೆ, ಉಪಯೋಗ ದೊಡ್ಡದು. ಹೊಳಪು ಉಳಿದ ಜಾಗವನ್ನು ಹಾಳೆಯ ಮೇಲೆ ಗುರುತಿಸಿದರೆ, ಅದು ಯಾವ ಅಂಕಿಯ ಕಿತ್ತಳೆ ಜಾಗವೆಂದು ಕಲಿಯುವವರೇ ಹೇಳುತ್ತಾರೆ. ಒಂದೇ ಜಾಗ ಹಲವರ ಹಾಳೆಯಲ್ಲಿ ಬಂದರೆ ತಂಡ ಮೊದಲು ಪರಿಶೀಲಿಸುವುದು ಆ ಅಂಕಿಯ ಸ್ಲೈಡನ್ನು. ಹಾಳೆಯಲ್ಲಿ ಗುರುತು ಚದುರಿದ್ದರೆ ಆ ವ್ಯಕ್ತಿಗೆ ಇನ್ನಷ್ಟು ಅಭ್ಯಾಸ ಸಾಕು.

ಸ್ಲೈಡ್‌ನಿಂದ ಆಗದ ಕೆಲಸಗಳನ್ನು ತಂಡ ಸಿಂಕ್ ಬಳಿಗೇ ಬಿಟ್ಟಿತು. ಎಷ್ಟು ಒತ್ತಿ ಉಜ್ಜಬೇಕು, ಸೋಪು ಎಷ್ಟಾದರೆ ಸಾಕು, ಕೈ ಪೂರ್ತಿ ಒಣಗಿದೆಯೆಂದು ಹೇಗೆ ತಿಳಿಯುವುದು, ಇವು ಚಿತ್ರದಲ್ಲಿ ಬರುವುದಿಲ್ಲ. ಯಾವಾಗ ಕೈ ತೊಳೆಯಬೇಕೆಂಬ ಐದು ಸಂದರ್ಭಗಳನ್ನೂ ಈ ಸ್ಲೈಡ್‌ಗಳಿಗೆ ಸೇರಿಸದೆ ಬೇರೆ ಪಾಠವಾಗಿ ಇಟ್ಟರು, ಅಲ್ಲಿಯೂ 1ರಿಂದ 5ರ ಅಂಕಿಗಳಿರುವುದರಿಂದ ಒಂದೇ ತರಗತಿಯಲ್ಲಿ ಸೇರಿಸಿದರೆ ಎರಡು ಎಣಿಕೆ ಬೆರೆಯುತ್ತವೆ.

5ನೇ ಹಂತ ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ. ಎರಡು ಚಿತ್ರ ಹಾಕಿದ ಮೇಲೂ ಮಾತಿಲ್ಲದ ಪರೀಕ್ಷೆಯಲ್ಲಿ ಕೆಲವರು ಅದನ್ನು 4ರಂತೆಯೇ ಮಾಡುತ್ತಾರೆ. ಸದ್ಯಕ್ಕೆ ಆ ಒಂದು ಸ್ಲೈಡ್ ಬಂದಾಗ ತರಬೇತುದಾರರು ಪರದೆ ನಿಲ್ಲಿಸಿ, ತಮ್ಮ ಬೆರಳುಗಳನ್ನು ಮಡಚಿ, ಎದುರಿಗಿರುವವರ ಅಂಗೈಗೆ ಅವುಗಳ ಬೆನ್ನನ್ನು ತಾಗಿಸಿ ತೋರಿಸಿ ಮುಂದಕ್ಕೆ ಹೋಗುತ್ತಾರೆ.